ಈ ಸಲ ಫೋಟೋ ಇಲ್ಲ, ರಿಜಿಸ್ಟರ್ ಪುಟ ಇದೆ

ಪ್ರತಿ ತಿಂಗಳು ಇಲ್ಲಿ ನಮ್ಮ ಜಿಮ್‌ನ ಒಬ್ಬ ಮೆಂಬರ್ ಬಗ್ಗೆ ಬರೆಯುತ್ತೇವೆ. ಹಳೇ ಫೋಟೋ ಒಂದು, ಹೊಸ ಫೋಟೋ ಒಂದು, ನಡುವೆ ಇಷ್ಟು ಕಿಲೋ ಇಳಿಸಿದರು ಅಂತ ದೊಡ್ಡಕ್ಷರ. ಈ ಸಲ ಅದು ಯಾವುದೂ ಇಲ್ಲ. ನಮ್ಮ ಬೆಳಗಿನ 6 ಗಂಟೆ ಬ್ಯಾಚಿನ ಟೈಲರ್ ಅಣ್ಣ ಎಷ್ಟು ಕಿಲೋ ಇಳಿದಿದ್ದಾರೆ ಅಂತ ನನಗೂ ಗೊತ್ತಿಲ್ಲ. ಅವರು ತೂಕದ ಯಂತ್ರ ಹತ್ತಿದ್ದು ಸೇರಿದ ದಿನ ಮಾತ್ರ, ಅದೂ ನನ್ನ ಬಲವಂತಕ್ಕೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಸರಸ್ವತಿಪುರಂ ಕಡೆಯವರಿಗೆ ಯಾರು ಅಂತ ಹೇಗೂ ಗೊತ್ತಾಗುತ್ತೆ ಬಿಡಿ.

ಹೋದ ವರ್ಷ ಸಂಕ್ರಾಂತಿ ಮುಗಿಸಿಕೊಂಡು ಬಂದರು. ವಯಸ್ಸು 51. ದಿನಕ್ಕೆ ಹತ್ತು ಗಂಟೆ ಮೆಷಿನ್ ಮುಂದೆ ಬಗ್ಗಿ ಕೂರುವ ಕೆಲಸ. ಸೊಂಟ ಹಿಡಿದುಕೊಳ್ಳುತ್ತೆ ಅಂತ ಡಾಕ್ಟರಿಗೆ ತೋರಿಸಿದ್ದರು, ಅವರು ವ್ಯಾಯಾಮ ಮಾಡಿ ಅಂದಿದ್ದರು. ನಾನು ಎಂದಿನ ಹುರುಪಿನಲ್ಲಿ ಒಂದು ಡಯಟ್ ಚಾರ್ಟ್ ಬರೆದುಕೊಟ್ಟೆ. ಓಟ್ಸ್, ಬ್ರೊಕೊಲಿ, ಅದು ಇದು. ಒಂದು ವಾರ ಬಿಟ್ಟು ಅಂಗಡಿಗೆ ಹೋದರೆ ಅದೇ ಚಾರ್ಟನ್ನು ಕಾಲರ್ ಆಕಾರಕ್ಕೆ ಕತ್ತರಿಸಿ ಬಟ್ಟೆ ಮೇಲಿಟ್ಟು ಗುರುತು ಹಾಕುತ್ತಿದ್ದರು! "ಪೇಪರ್ ದಪ್ಪ ಇತ್ತು ಸಾರ್, ಚೆನ್ನಾಗಿದೆ" ಅಂದರು.

ಆಮೇಲೆ ನಾನು ಚಾರ್ಟ್ ಬಿಟ್ಟು ಅವರ ದಿನ ಹೇಗಿರುತ್ತೆ ಅಂತ ಕೇಳಿದೆ. ನಿಜ ಹೇಳಬೇಕಂದ್ರೆ ಮೊದಲೇ ಕೇಳಬೇಕಿತ್ತು. ದಿನಕ್ಕೆ ಏಳು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ, ಅಂದ್ರೆ 14 ಚಮಚ. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋಗಿ ಉಣ್ಣುವಾಗ ಹನ್ನೊಂದು. ಮಲಗುವಾಗ ಒಂದು.

ಮೊದಲ ಎರಡು ತಿಂಗಳು ಟೀ ಒಂದನ್ನೇ ಹಿಡಿದುಕೊಂಡೆವು. ಏಳು ಐದಾಯಿತು, ಐದು ಮೂರಾಯಿತು, ಸಕ್ಕರೆ ಒಂದು ಚಮಚಕ್ಕೆ ಬಂತು. ಅದು ಗಟ್ಟಿಯಾದ ಮೇಲೆ ಊಟ. ಮುದ್ದೆ ಬಿಡಿಸಲಿಲ್ಲ, ಯಾಕೆ ಬಿಡಿಸಬೇಕು? ಸಾರಿನಲ್ಲಿ ಕಾಳು ಜಾಸ್ತಿ ಆಯಿತು, ಬೆಳಗ್ಗೆ ಎರಡು ಮೊಟ್ಟೆ ಸೇರಿತು. ಈಗ ಅವರ ಮಗ ರಾತ್ರಿ ಎಂಟೂವರೆಗೆ ಡಬ್ಬಿ ತಂದುಕೊಡುತ್ತಾನೆ, ಅಂಗಡಿಯಲ್ಲೇ ಊಟ. ಡಬ್ಬಿ ಬಂದಮೇಲೆ ನಿದ್ದೆ ತಾನಾಗಿ ಹನ್ನೊಂದಕ್ಕೆ ಬಂತು, ಅದಕ್ಕೆ ನಾನೇನೂ ಮಾಡಲಿಲ್ಲ.

ವ್ಯಾಯಾಮವೂ ಹಾಗೇ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಅಷ್ಟರಿಂದ ಶುರು. ಈಗ 16 ಕಿಲೋ ಕೆಟಲ್‌ಬೆಲ್ ಎದೆಗೆ ಹಿಡಿದು ಸ್ಕ್ವಾಟ್ ಮಾಡುತ್ತಾರೆ. ಡೆಡ್‌ಲಿಫ್ಟ್ ಕಲಿಸುವಾಗ ಹೇಳಿದ ಮಾತು ಒಂದೇ: ಬೆನ್ನು ಬಗ್ಗಿಸದೆ ಸೊಂಟ ಹಿಂದಕ್ಕೆ ತಳ್ಳಿ ಎತ್ತಿ. ಈಗ ಅಂಗಡಿಯಲ್ಲಿ ಬಟ್ಟೆ ಗಂಟು ಎತ್ತುವಾಗಲೂ ಹಾಗೇ ಎತ್ತುತ್ತಾರೆ, ಸಹಾಯಕ ಹುಡುಗನಿಗೂ ಬೈದು ಕಲಿಸಿದ್ದಾರೆ. ಆಷಾಢ ಶುಕ್ರವಾರ ಹೆಂಡತಿ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರಂತೆ, ನಂದಿ ಹತ್ತಿರ ಬರುವ ತನಕ ಎಲ್ಲೂ ಕೂರಲಿಲ್ಲವಂತೆ. ಮಾರನೇ ದಿನ ಇಡೀ ಬ್ಯಾಚಿಗೆ ಪುಳಿಯೋಗರೆ ತಂದಿದ್ದರು.

ಫೋಟೋದಲ್ಲಿರುವುದು ಅವರ ಹಾಜರಿ ಪುಟ. 13 ತಿಂಗಳು, 142 ಸಹಿ. ಜೂನ್ ಸಾಲು ನೋಡಿ, ಒಂಬತ್ತೇ ಇದೆ. ಸ್ಕೂಲ್ ಯೂನಿಫಾರ್ಮ್ ಸೀಸನ್. ದಸರಾ ಹೊತ್ತಿಗೂ ಅದೇ ಕಥೆ, ಬ್ಲೌಸ್ ರಾಶಿ, ಬಂದರೂ 20 ನಿಮಿಷ ಮಾಡಿ ಓಡುತ್ತಿದ್ದರು. ನಾನು ಇಂಥ ಜೂನ್‌ಗಳನ್ನು ತುಂಬಾ ನೋಡಿದ್ದೇನೆ. ಎರಡು ವಾರ ತಪ್ಪಿತು ಅಂತ ನಾಚಿಕೆಪಟ್ಟುಕೊಂಡು ಜಿಮ್ ಇರುವ ರಸ್ತೆಯನ್ನೇ ಬಿಟ್ಟು ಸುತ್ತಿ ಹೋಗುವ ಮೆಂಬರ್‌ಗಳಿದ್ದಾರೆ, ಫೀಸ್ ಕಟ್ಟಿದ್ದರೂ. ಇವರು ಜುಲೈ ಒಂದನೇ ವಾರ ಏನೂ ಆಗದವರ ಹಾಗೆ ಬಂದು ಸಹಿ ಹಾಕಿದರು. ಹೇಗೆ ಅಣ್ಣ ಅಂತ ಕೇಳಿದ್ದಕ್ಕೆ, "ಹೊಲಿಗೆ ಎಲ್ಲಿ ಬಿಡ್ತೋ ಅಲ್ಲಿಂದ ಹಾಕ್ತೀವಿ ಸಾರ್, ಅದಕ್ಕೆ ಇಡೀ ಅಂಗಿ ಬಿಚ್ತಾರಾ?" ಅಂದರು.

ಸೊಂಟ ಪೂರ್ತಿ ಸರಿಹೋಯಿತಾ? ಇಲ್ಲ. ಮಳೆಗಾಲದಲ್ಲಿ ಎರಡು ಸಲ ಹಿಡಿದುಕೊಂಡಿತ್ತು. ಆದರೆ ಈಗ ಗಂಟೆಗೊಮ್ಮೆ ಮೆಷಿನ್ ಬಿಟ್ಟು ಎದ್ದು ಅಂಗಡಿ ಮುಂದೆ ಎರಡು ನಿಮಿಷ ಓಡಾಡುತ್ತಾರೆ. ಪಕ್ಕದ ಜೆರಾಕ್ಸ್ ಅಂಗಡಿಯವರೂ ಜೊತೆಗೆ ಓಡಾಡುತ್ತಾರೆ, ಮುಂದಿನ ತಿಂಗಳು ಸೇರುತ್ತೇನೆ ಅಂತ ನಾಲ್ಕು ತಿಂಗಳಿಂದ ಹೇಳುತ್ತಿದ್ದಾರೆ.

ಶನಿವಾರ ಬೆಳಗ್ಗೆ ಬ್ಯಾಚ್ ಮುಗಿದ ಮೇಲೆ ಅಣ್ಣನಿಗೆ ಒಂದು ಟೀ ಕೊಡಿಸುತ್ತಿದ್ದೇವೆ, ಒಂದೇ ಚಮಚ ಸಕ್ಕರೆಯದ್ದು. ಎಲ್ಲರೂ ಬನ್ನಿ. ದಯವಿಟ್ಟು ಯಾರೂ ಎಷ್ಟು ಕಿಲೋ ಅಂತ ಕೇಳಬೇಡಿ.

ಅಣ್ಣಾ, ತುಂಬಾ ಖುಷಿ ಆಯಿತು. ಹಾಗೇ, ನನ್ನ ಟ್ರ್ಯಾಕ್ ಪ್ಯಾಂಟಿಗೆ ಜಿಪ್ ಹಾಕಲು ಕೊಟ್ಟು ಮೂರು ವಾರ ಆಯ್ತು, ಶನಿವಾರ ಬರುವಾಗ ತರ್ತೀರಾ?