ತುರ್ತು: ಸದಸ್ಯರ ದಾಖಲೆಗಳು ಹೊರಗೆ ಹೋಗಿವೆ, ಇಂದು ಸಂಜೆ 5ರೊಳಗೆ ಎಲ್ಲರೂ ಮಾಡಬೇಕಾದ ಕೆಲಸ

ಇಂದ: ಪ್ರಧಾನ ವ್ಯವಸ್ಥಾಪಕರು, ಕೇಂದ್ರ ಕಚೇರಿ, ಶಿವಮೊಗ್ಗ
ಇವರಿಗೆ: ಎಲ್ಲ ಶಾಖೆಗಳ ಸಿಬ್ಬಂದಿ ಮತ್ತು ಪಿಗ್ಮಿ ಏಜೆಂಟರು
ಸಮಯ: ಸೋಮವಾರ, ಮಧ್ಯಾಹ್ನ 1.30

ಆತ್ಮೀಯರೇ,

ಕೈಯಲ್ಲಿರುವ ಕೆಲಸ ಐದು ನಿಮಿಷ ಬದಿಗಿಟ್ಟು ಇದನ್ನು ಪೂರ್ತಿ ಓದಿ.

ಸಾಗರ ಶಾಖೆಯ ಒಂದು ಇಮೇಲ್ ಖಾತೆಗೆ ಹೊರಗಿನವರು ನುಗ್ಗಿದ್ದಾರೆ. ಅದರಲ್ಲಿದ್ದ ಸಾಲದ ಅರ್ಜಿ, ಆಧಾರ್, ಪ್ಯಾನ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದರ ಸ್ಕ್ಯಾನ್ ಅವರ ಕೈ ಸೇರಿದೆ. ಈವರೆಗೆ ಲೆಕ್ಕಕ್ಕೆ ಸಿಕ್ಕಿರುವುದು 412 ಸದಸ್ಯರ ದಾಖಲೆ. ಈ ಸಂಖ್ಯೆ ಜಾಸ್ತಿಯಾಗಲೂಬಹುದು. ಠೇವಣಿ ಮತ್ತು ಸಾಲದ ಲೆಕ್ಕ ಇರುವ ನಮ್ಮ ಬ್ಯಾಂಕಿಂಗ್ ಸಾಫ್ಟ್‌ವೇರ್‌ಗೆ ಯಾರೂ ಕೈ ಹಾಕಿದ ಗುರುತು ಇಲ್ಲಿಯವರೆಗೆ ಕಂಡಿಲ್ಲ. ಲಾಗ್ ನೋಡುವ ಕೆಲಸ ಇನ್ನೂ ನಡೆಯುತ್ತಿದೆ.

ಗೊತ್ತಾದದ್ದು ಹೀಗೆ. ಇಂದು ಬೆಳಿಗ್ಗೆ ಶಾಖೆ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯ ಸದಸ್ಯರು ಕೌಂಟರಿಗೆ ಬಂದರು. ಅಂಗಿ ಜೇಬಿನಲ್ಲಿ ಮಡಚಿಟ್ಟ 2,360 ರೂಪಾಯಿ. ಕೈಯಲ್ಲಿ ಹಳೇ ಕ್ಯಾಲೆಂಡರ್ ಹಾಳೆ, ಅದರ ಹಿಂದೆ ಬರೆದುಕೊಂಡ ಒಂದು ಯುಪಿಐ ಐಡಿ. "ನಿನ್ನೆ ನಿಮ್ಮ ಹೆಡ್ ಆಫೀಸಿಂದ ಫೋನ್ ಬಂದಿತ್ತು ತಂಗಿ. ಫೈಲ್ ಚಾರ್ಜ್ ಇವತ್ತೇ ಕಟ್ಬೇಕಂತೆ. ನಂಗೆ ಫೋನಲ್ಲಿ ಕಳ್ಸೋದೆಲ್ಲ ಬರಲ್ಲ, ಕೈಗೇ ಕೊಟ್ಟು ಹೋಗ್ತೀನಿ" ಅಂದರು. ಫೋನ್ ಮಾಡಿದವನು ಅವರ ಅರ್ಜಿ ನಂಬರನ್ನೂ, ಕೇಳಿದ್ದ ಸಾಲ 1,85,000 ರೂಪಾಯಿ ಅನ್ನುವುದನ್ನೂ ಸರಿಯಾಗಿ ಹೇಳಿದ್ದಾನೆ. ನಂಬದೆ ಇನ್ನೇನು ಮಾಡುತ್ತಾರೆ?

ಕೌಂಟರಿನಲ್ಲಿದ್ದ ನಮ್ಮ ಸಹೋದ್ಯೋಗಿ ಅವರನ್ನು ಕೂರಿಸಿ, ನೀರು ಕೊಟ್ಟು, ಹಣ ಕಟ್ಟಬೇಡಿ ಎಂದು ಹೇಳಿ, ತಕ್ಷಣ ತಮ್ಮ ಮೇಲ್ ತೆಗೆದು ನೋಡಿದರು. ಸೆಟ್ಟಿಂಗ್ಸ್‌ನಲ್ಲಿ ತಾವು ಹಾಕದ ಒಂದು ಫಿಲ್ಟರ್ ಕಂಡಿತು. `loan`, `kyc` ಎಂಬ ಪದವಿದ್ದ ಪ್ರತಿ ಮೇಲ್ ಒಂದು ಹೊರಗಿನ ವಿಳಾಸಕ್ಕೆ ಹೋಗುತ್ತಿತ್ತು. 10.15ಕ್ಕೆ ನನಗೆ ಫೋನ್ ಮಾಡಿದರು. ಶನಿವಾರ ಸಂಜೆ ಆಡಿಟ್ ಹೆಸರಿನಲ್ಲಿ ಬಂದ ಮೇಲ್‌ನ ಲಿಂಕ್ ಒತ್ತಿ, ಅಲ್ಲಿ ಪಾಸ್‌ವರ್ಡ್ ಹಾಕಿದ್ದು ತಾವೇ ಎಂದು ಅವರೇ ಮುಂದಾಗಿ ಹೇಳಿದರು.

ಅವರು ಹೆದರಿ ಆ ಫಿಲ್ಟರನ್ನು ಸುಮ್ನೆ ಅಳಿಸಿ ಕೂತಿದ್ದರೆ ಇವತ್ತಿಗೂ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವರ ಮೇಲೆ ಯಾವ ಕ್ರಮವೂ ಇಲ್ಲ. ಆ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಸದೆ ಮುಂದೂಡುತ್ತಾ ಬಂದವನು ನಾನು. ತಪ್ಪು ಅಲ್ಲಿಂದ ಶುರುವಾಗುತ್ತದೆ.

ಈಗ ನೀವು ಮಾಡಬೇಕಾದ್ದು.

ಮೊದಲು ಪಾಸ್‌ವರ್ಡ್. ಸಂಜೆ 5ರೊಳಗೆ ಪ್ರತಿಯೊಬ್ಬರೂ ಆಫೀಸ್ ಮೇಲ್ ಪಾಸ್‌ವರ್ಡ್ ಬದಲಿಸಬೇಕು. ಈ ಮೇಲ್‌ನಲ್ಲಿ ನಾನು ಯಾವ ಲಿಂಕನ್ನೂ ಕೊಟ್ಟಿಲ್ಲ, ಬೇಕೆಂದೇ ಕೊಟ್ಟಿಲ್ಲ. ಬ್ರೌಸರಿನಲ್ಲಿ ನೀವೇ `myaccount.google.com` ಎಂದು ಟೈಪ್ ಮಾಡಿ ಹೋಗಿ. "ಪಾಸ್‌ವರ್ಡ್ ಬದಲಿಸಲು ಇಲ್ಲಿ ಒತ್ತಿ" ಎಂದು ನನ್ನ ಹೆಸರಿನಲ್ಲೇ ಇನ್ನೊಂದು ಮೇಲ್ ಬಂದರೆ ಅದು ಕಳ್ಳರದ್ದು ಎಂದು ತಿಳಿಯಿರಿ. ಹಳೇ ಪಾಸ್‌ವರ್ಡಿನ ಕೊನೆಗೆ 1 ಸೇರಿಸುವುದು, ಮಗುವಿನ ಹೆಸರು, ಗಾಡಿ ನಂಬರ್, ಇವು ಬೇಡ. ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಅಲ್ಲೂ ಬದಲಿಸಿ. ಕೀಬೋರ್ಡ್ ಕೆಳಗೆ ಅಂಟಿಸಿರುವ ಚೀಟಿ ಇವತ್ತೇ ಹರಿದು ಹಾಕಿ.

ಪಾಸ್‌ವರ್ಡ್ ಬದಲಿಸಿದರೆ ಕೆಲಸ ಮುಗಿಯಲಿಲ್ಲ. ಮುಂಬಾಗಿಲ ಬೀಗ ಬದಲಿಸಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ, ಕಳ್ಳರು ಹಾಕಿಟ್ಟ ಫಿಲ್ಟರ್ ಹೊಸ ಪಾಸ್‌ವರ್ಡ್ ಬಂದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಮೇಲ್ ತೆಗೆದು, `See all settings` ಒತ್ತಿ, `Filters and Blocked Addresses` ಮತ್ತು `Forwarding and POP/IMAP` ಎರಡನ್ನೂ ನೋಡಿ. ನೀವು ಹಾಕದ್ದು ಏನಾದರೂ ಕಂಡರೆ ಅಳಿಸಬೇಡಿ. ಪರದೆಯ ಫೋಟೊ ತೆಗೆದು ತಕ್ಷಣ ಫೋನ್ ಮಾಡಿ, ಬಂದ್ ಮಾಡುವುದನ್ನು ಐಟಿ ವಿಭಾಗದವರು ನೋಡಿಕೊಳ್ಳುತ್ತಾರೆ. ನಂತರ `myaccount.google.com` ಗೆ ಮತ್ತೆ ಹೋಗಿ, `Your devices` ನಲ್ಲಿ ನಿಮ್ಮದಲ್ಲದ ಫೋನ್ ಅಥವಾ ಕಂಪ್ಯೂಟರ್ ಇದೆಯಾ ನೋಡಿ. ಇದ್ದರೆ ಅದನ್ನು ಸೈನ್ ಔಟ್ ಮಾಡಿ, ನಮಗೂ ತಿಳಿಸಿ.

ಕೊನೆಗೆ ಅಲ್ಲೇ `2-Step Verification` ಆನ್ ಮಾಡಿ. ನಾಳೆ ಬೆಳಿಗ್ಗೆ 10ರ ಹೊತ್ತಿಗೆ ಇದು ಆನ್ ಆಗಿಲ್ಲದ ಖಾತೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತೇವೆ. ನೀವು ಲಾಗಿನ್ ಮಾಡದೇ ಇದ್ದಾಗ ಫೋನಿನಲ್ಲಿ "ಇದು ನೀವೇನಾ?" ಎಂದು ಕೇಳಿದರೆ "ಅಲ್ಲ" ಎಂದೇ ಒತ್ತಿ. ಹತ್ತು ಸಲ ಕೇಳಿದರೂ ಅಷ್ಟೇ. ಓಟಿಪಿಯನ್ನು ಯಾರಿಗೂ ಹೇಳಬೇಡಿ, ನಾನು ಕೇಳಿದರೂ.

ಶುಕ್ರವಾರದಿಂದ ಈಚೆಗೆ ಆಡಿಟ್ ಅಥವಾ ತಪಾಸಣೆ ಹೆಸರಿನ ಮೇಲ್ ತೆರೆದು ಲಿಂಕ್ ಒತ್ತಿದ್ದೀರಾ? ಅಟ್ಯಾಚ್‌ಮೆಂಟ್ ತೆಗೆದಿದ್ದೀರಾ? ಹಾಗಿದ್ದರೆ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಬಂದ್ ಮಾಡಿ. ಕಂಪ್ಯೂಟರ್ ಆಫ್ ಮಾಡಬೇಡಿ, ಪರಿಚಯದ ಹುಡುಗನನ್ನು ಕರೆಸಿ ಫಾರ್ಮ್ಯಾಟ್ ಮಾಡಿಸಬೇಡಿ. ತನಿಖೆಗೆ ಬೇಕಾದ ಗುರುತುಗಳು ಅದರಲ್ಲೇ ಇರುತ್ತವೆ. ಆ ಮೇಲನ್ನೂ ಅಳಿಸಬೇಡಿ, ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಲೂಬೇಡಿ. ಕೇಂದ್ರ ಕಚೇರಿಯ ಇಂಟರ್‌ಕಾಮ್ 21ಕ್ಕೆ ಕರೆ ಮಾಡಿ. ಇಂದು ರಾತ್ರಿ 10ರವರೆಗೂ ಅಲ್ಲಿ ಜನ ಇರುತ್ತಾರೆ. ಅನುಮಾನ ಮಾತ್ರ ಇದ್ದರೂ ಹೇಳಿ, ಯಾರೂ ಬೈಯುವುದಿಲ್ಲ.

ಹಣದ ವಿಷಯದಲ್ಲಿ ಇನ್ನೊಂದು ಮಾತು. ಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬಂದ ಸೂಚನೆ ನೋಡಿ ಆರ್‌ಟಿಜಿಎಸ್, ನೆಫ್ಟ್ ಮಾಡಬೇಡಿ. ಸದಸ್ಯರ ಖಾತೆ ನಂಬರ್, ಮೊಬೈಲ್ ನಂಬರ್ ಬದಲಿಸಬೇಡಿ. ನಮ್ಮ ರಿಜಿಸ್ಟರಿನಲ್ಲಿ ಮೊದಲೇ ಇರುವ ನಂಬರಿಗೆ ನೀವೇ ಕರೆ ಮಾಡಿ ಖಚಿತಪಡಿಸಿಕೊಳ್ಳಿ, ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಅಲ್ಲ. ಇಂದಿನಿಂದ ಸದಸ್ಯರ ದಾಖಲೆಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದೂ ನಿಂತಿತು.

ಸದಸ್ಯರು ಕೇಳಿದರೆ ಮುಚ್ಚಿಡಬೇಡಿ. "ಹೌದು, ಕೆಲವು ದಾಖಲೆ ಕಳುವಾಗಿವೆ, ನಿಮ್ಮ ಹೆಸರು ಇದೆಯಾ ಎಂದು ನೋಡಿ ನಾವೇ ಫೋನ್ ಮಾಡುತ್ತೇವೆ" ಎನ್ನಿ. ಸೊಸೈಟಿ ಯಾವತ್ತೂ ಫೋನಿನಲ್ಲಿ ಫೈಲ್ ಚಾರ್ಜ್ ಕೇಳುವುದಿಲ್ಲ, ಓಟಿಪಿ ಕೇಳುವುದಿಲ್ಲ ಎಂದು ತಿಳಿಸಿ ಹೇಳಿ. ಯಾರಾದರೂ ಈಗಾಗಲೇ ಹಣ ಕಳೆದುಕೊಂಡಿದ್ದರೆ ನಿಮ್ಮ ಮುಂದೆಯೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. `cybercrime.gov.in` ನಲ್ಲಿ ದೂರು ತುಂಬಲು ಕೂಡ ನೆರವಾಗಿ. ಬೇಕೆಂದವರಿಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿಕೊಡಿ.

ಪಿಗ್ಮಿ ಏಜೆಂಟರೇ, ದಿನಾ ಮನೆ ಅಂಗಡಿಗೆ ಹೋಗುವವರು ನೀವು. ನಮ್ಮ ಮೇಲ್ ಓದದ, ನೋಟಿಸ್ ಬೋರ್ಡ್ ನೋಡದ ಸದಸ್ಯರಿಗೆ ಈ ಮಾತು ಮುಟ್ಟುವುದು ನಿಮ್ಮಿಂದಲೇ. ಇವತ್ತಿನ ಸುತ್ತಿನಲ್ಲೇ ಹೇಳಿಬಿಡಿ.

ಪತ್ರಿಕೆಯವರು ಕೇಳಿದರೆ ನನ್ನ ಕಡೆ ಕಳಿಸಿ. ಸದಸ್ಯರ ಹೆಸರು, ಸಾಗರದ ಸಹೋದ್ಯೋಗಿಯ ಹೆಸರು ಯಾವ ಗ್ರೂಪಿನಲ್ಲೂ ಬರಬಾರದು.

ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. 12.40ಕ್ಕೆ ತಿಳಿಸಿದ್ದೇವೆ. ಸೈಬರ್ ಪೊಲೀಸರಿಗೂ ದೂರು ಕೊಟ್ಟಿದ್ದೇವೆ. 412 ಸದಸ್ಯರ ಪಟ್ಟಿ ಸಂಜೆ ಶಾಖಾ ವ್ಯವಸ್ಥಾಪಕರ ಕೈಗೆ ಮುದ್ರಿತ ಪ್ರತಿಯಲ್ಲೇ ಬರುತ್ತದೆ. ನಾಳೆ ಬೆಳಿಗ್ಗೆ 9ರಿಂದ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಮೊದಲು 60 ದಾಟಿದವರಿಗೆ ಮಾಡಿ. ಫೋನ್ ಎತ್ತದವರ ಮನೆಗೆ ಹೋಗಿ ಬನ್ನಿ.

ಮೇಲಿನ ಕೆಲಸ ಮುಗಿದ ಮೇಲೆ ನಿಮ್ಮ ಶಾಖೆಯ ರಿಜಿಸ್ಟರಿನಲ್ಲಿ ಸಹಿ ಹಾಕಿ. ಸಂಜೆ 6ಕ್ಕೆ ಮತ್ತೆ ಬರೆಯುತ್ತೇನೆ.

ಪ್ರಧಾನ ವ್ಯವಸ್ಥಾಪಕ