ನಿವೃತ್ತಿ ಸೌಲಭ್ಯಗಳ ವಿವರ: ಪಿಂಚಣಿ, ಗ್ರಾಚ್ಯುಟಿ, ಪಿ.ಎಫ್. ಮತ್ತು ರಜೆ ನಗದೀಕರಣ

ಸಿಬ್ಬಂದಿ ವಿಭಾಗ, ಪೀಣ್ಯ ಘಟಕ, ಬೆಂಗಳೂರು
9 ಜೂನ್ 2025

ಶ್ರೀ ನಂಜುಂಡಪ್ಪನವರಿಗೆ
ಹಿರಿಯ ಫಿಟ್ಟರ್, ಟೂಲ್ ರೂಮ್

ಮಾನ್ಯರೇ,

ಈ ತಿಂಗಳ 30ಕ್ಕೆ ನಿಮಗೆ 58 ತುಂಬುತ್ತದೆ. ಅಂದು ಸಂಜೆ ಶಿಫ್ಟ್ ಮುಗಿದಾಗ ನೀವು ಸೇವೆಯಿಂದ ನಿವೃತ್ತರಾಗುತ್ತೀರಿ. 1996ರ ಸೆಪ್ಟೆಂಬರ್ 1ರಂದು ಕೆಲಸಕ್ಕೆ ಸೇರಿದ ನೀವು 28 ವರ್ಷ 10 ತಿಂಗಳು ಇಲ್ಲಿ ದುಡಿದಿದ್ದೀರಿ. ನಿಮಗೆ ಬರಬೇಕಾದ ಹಣ ಎಷ್ಟು, ಎಲ್ಲಿಂದ, ಯಾವಾಗ ಬರುತ್ತದೆ ಎಂದು ಈ ಪತ್ರದಲ್ಲಿ ಬರೆದಿದ್ದೇನೆ. ಮನೆಯಲ್ಲಿ ಲಕ್ಷ್ಮಮ್ಮನವರ ಜೊತೆ ಕೂತು ಓದಿ. ಇದರಲ್ಲಿ ಅವರಿಗೆ ಸಂಬಂಧಿಸಿದ ವಿಷಯವೂ ಇದೆ.

ಮೊದಲು ಒಂದು ತುರ್ತು ಮಾತು. ನಿಮ್ಮ ಪಿ.ಎಫ್. ದಾಖಲೆಯಲ್ಲಿ ಹೆಸರು ‘ನಂಜುಂಡ’ ಎಂದಿದೆ. ಆಧಾರ್‌ನಲ್ಲಿ ಮತ್ತು ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ನಂಜುಂಡಪ್ಪ’ ಎಂದಿದೆ. ಕೆಲಸಕ್ಕೆ ಸೇರಿದಾಗ ನಮ್ಮ ಕಡೆಯಿಂದಲೇ ಹಾಗೆ ಬರೆದು ಕಳಿಸಲಾಗಿದೆ. ಇಷ್ಟು ವರ್ಷ ಯಾರೂ ಗಮನಿಸಿಲ್ಲ, ಅದಕ್ಕೆ ಕ್ಷಮೆ ಕೇಳುತ್ತೇನೆ. ಇದನ್ನು ಸರಿಮಾಡದೆ ಅರ್ಜಿ ಹಾಕಿದರೆ ಪಿ.ಎಫ್. ಅರ್ಜಿಯಾಗಲಿ ಪಿಂಚಣಿ ಅರ್ಜಿಯಾಗಲಿ ತಿರಸ್ಕೃತವಾಗಿ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಇದೇ ಮೊದಲ ಕೆಲಸ. ಬುಧವಾರ ಊಟದ ವಿರಾಮದಲ್ಲಿ ಆಧಾರ್ ಕಾರ್ಡ್ ಮತ್ತು ಆಧಾರ್‌ಗೆ ಜೋಡಿಸಿರುವ ಮೊಬೈಲ್ ತೆಗೆದುಕೊಂಡು ನನ್ನ ಬಳಿ ಬನ್ನಿ. ಹೆಸರು ತಿದ್ದುವ ಜಂಟಿ ಘೋಷಣೆಯನ್ನು ನಿಮ್ಮ ಲಾಗಿನ್‌ನಿಂದ ಹಾಕೋಣ. ಕಂಪನಿಯ ಒಪ್ಪಿಗೆಯನ್ನು ನಾನು ಅವತ್ತೇ ಕೊಡುತ್ತೇನೆ.

ಈಗ ಗ್ರಾಚ್ಯುಟಿ. ಇದನ್ನು ಪೂರ್ತಿ ಕಂಪನಿಯೇ ಕೊಡುತ್ತದೆ. ನಿಮ್ಮ ಸಂಬಳದಿಂದ ಇದಕ್ಕೆ ಎಂದೂ ಒಂದು ಪೈಸೆ ಹಿಡಿದಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಸಿಗುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿ.ಎ. ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಮೂಲ ವೇತನ 24,600, ಡಿ.ಎ. 9,200, ಒಟ್ಟು 33,800 ರೂಪಾಯಿ. ಭಾನುವಾರಗಳನ್ನು ಬಿಟ್ಟು ತಿಂಗಳಿಗೆ 26 ದಿನ ಎಂದು ಕಾಯ್ದೆ ಲೆಕ್ಕ ಹಾಕುತ್ತದೆ. ಅದರಿಂದ ಭಾಗಿಸಿದರೆ ದಿನಕ್ಕೆ 1,300 ರೂಪಾಯಿ. 15 ದಿನಕ್ಕೆ 19,500. ಕೊನೆಯಲ್ಲಿ ಉಳಿಯುವ ತಿಂಗಳುಗಳು ಆರಕ್ಕಿಂತ ಹೆಚ್ಚಿದ್ದರೆ ಅದನ್ನೂ ಒಂದು ವರ್ಷ ಎಂದೇ ಎಣಿಸಬೇಕು. ಆದ್ದರಿಂದ ನಿಮ್ಮ ಸೇವೆ 29 ವರ್ಷ ಆಗುತ್ತದೆ.

19,500 × 29 = 5,65,500 ರೂಪಾಯಿ.

20 ಲಕ್ಷದವರೆಗೆ ಗ್ರಾಚ್ಯುಟಿಗೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಪೂರ್ತಿ ಹಣ ನಿಮ್ಮ ಕೈಗೆ ಬರುತ್ತದೆ. 1995ರಿಂದ ಲೆಕ್ಕ ಯಾಕೆ ಹಿಡಿದಿಲ್ಲ ಎಂದು ಕಳೆದ ವಾರ ನೀವು ಕೇಳಿದ್ದಿರಿ. ಆ ಒಂದು ವರ್ಷ ನೀವು ಅಪ್ರೆಂಟಿಸ್ ಆಗಿದ್ದಿರಿ. ಕಾಯ್ದೆ ಅಪ್ರೆಂಟಿಸ್‌ಗಳನ್ನು ನೌಕರರ ಲೆಕ್ಕಕ್ಕೆ ಸೇರಿಸುವುದಿಲ್ಲ. ಬೇಸರದ ವಿಷಯವೇ, ಆದರೆ ನನ್ನ ಕೈಯಲ್ಲಿಲ್ಲ. ಫಾರ್ಮ್ ‘ಐ’ ಭರ್ತಿ ಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ, ಸಹಿ ಹಾಕಿದರೆ ಸಾಕು. ನಿವೃತ್ತಿಯಾದ 30 ದಿನದೊಳಗೆ ಹಣ ಕೊಡಬೇಕು ಎಂದು ಕಾನೂನು ಹೇಳುತ್ತದೆ. ನಾವು ಜುಲೈ 10ಕ್ಕೆ ನಿಮ್ಮ ಖಾತೆಗೆ ಹಾಕುತ್ತೇವೆ.

ರಜೆಯ ಹಣವೂ ಅದೇ ದಿನ ಬರುತ್ತದೆ. ನೀವು ಕೊಟ್ಟ ಚೀಟಿಯಲ್ಲಿ 92 ದಿನ ಗಳಿಕೆ ರಜೆ ಎಂದಿತ್ತು, ನಮ್ಮ ರಿಜಿಸ್ಟರ್‌ನಲ್ಲಿ 86 ಇದೆ. ಆ ಆರು ದಿನ ಎಲ್ಲಿ ಹೋಯಿತು ಎಂದು ಹಳೆಯ ರಜೆ ಅರ್ಜಿಗಳನ್ನೆಲ್ಲ ತೆಗೆದು ನೋಡಿದೆ. ಮಗಳ ಮದುವೆಗೆ ಮೊದಲು ಹತ್ತು ದಿನ ಕೇಳಿ, ಆಮೇಲೆ ಇನ್ನೂ ಆರು ದಿನ ಮುಂದುವರಿಸಿದ್ದಿರಿ. ಆ ಎರಡನೇ ಅರ್ಜಿ ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿದೆ. ಅದರ ನಕಲನ್ನೂ ಲಗತ್ತಿಸಿದ್ದೇನೆ. ನಮ್ಮ ವೇತನ ಒಪ್ಪಂದದಂತೆ ದಿನಕ್ಕೆ 1,300ರ ಹಾಗೆ 86 ದಿನಕ್ಕೆ 1,11,800 ರೂಪಾಯಿ ಆಗುತ್ತದೆ. ಕಾಯಿಲೆ ರಜೆ ಮತ್ತು ಸಾಂದರ್ಭಿಕ ರಜೆ ಉಳಿದಿದ್ದರೂ ನಮ್ಮಲ್ಲಿ ಅದಕ್ಕೆ ಹಣ ಕೊಡುವ ಪದ್ಧತಿ ಇಲ್ಲ.

ತೆರಿಗೆ ಇಲಾಖೆ ರಜೆಯ ಹಣವನ್ನು ಲೆಕ್ಕ ಹಾಕುವ ರೀತಿ ಸ್ವಲ್ಪ ಬೇರೆ. ಅವರು ತಿಂಗಳಿಗೆ 30 ದಿನ ಹಿಡಿಯುತ್ತಾರೆ, ನಾವು 26. ಹಾಗಾಗಿ ಇದರಲ್ಲಿ ಒಂದು ಸಣ್ಣ ಭಾಗ ಆದಾಯ ಎಂದು ಫಾರ್ಮ್ 16ರಲ್ಲಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಈ ವರ್ಷ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ನಿಮ್ಮ ಮೂರು ತಿಂಗಳ ಸಂಬಳ ಸೇರಿಸಿದರೂ ಅದರ ಹತ್ತಿರಕ್ಕೂ ಬರುವುದಿಲ್ಲ.

ಸೊಸೈಟಿ ಸಾಲದ ಬಾಕಿ 18,400 ರೂಪಾಯಿಯನ್ನು ನೀವು ಒಪ್ಪಿದಂತೆ ರಜೆಯ ಹಣದಿಂದ ಮಾತ್ರ ಹಿಡಿಯುತ್ತೇವೆ. ಗ್ರಾಚ್ಯುಟಿ ಮುಟ್ಟುವುದಿಲ್ಲ. ಕೈಗೆ 93,400 ಬರುತ್ತದೆ.

ಇನ್ನು ಪಿ.ಎಫ್. ನಿಮ್ಮ ಸಂಬಳದಲ್ಲಿ ಶೇ 12 ಎಂದರೆ ತಿಂಗಳಿಗೆ 4,056 ರೂಪಾಯಿ ಹೋಗುತ್ತಿದೆ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆದರೆ ಕಂಪನಿಯ ಪಾಲಿನಲ್ಲಿ 1,250 ಪಿಂಚಣಿ ನಿಧಿಗೆ ಹೋಗಿ, ಉಳಿದ 2,806 ಮಾತ್ರ ಪಿ.ಎಫ್.ಗೆ ಸೇರುತ್ತದೆ. ಪಾಸ್‌ಬುಕ್‌ನಲ್ಲಿ ಎರಡು ಪಾಲು ಸಮ ಇಲ್ಲ, ಕಂಪನಿ ಕಡಿಮೆ ಕಟ್ಟಿದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಕಾರಣ ಇದು. ಮಾರ್ಚ್ 31ಕ್ಕೆ ನಿಮ್ಮ ಪಾಲು 9,12,640, ಕಂಪನಿ ಪಾಲು 5,74,310, ಒಟ್ಟು 14,86,950 ರೂಪಾಯಿ. ಮನೆ ಕಟ್ಟಲು 2011ರಲ್ಲಿ ತೆಗೆದ ಹಣ ಕಳೆದ ಮೇಲಿನ ಮೊತ್ತ ಇದು. 2024-25ರ ಬಡ್ಡಿ ಶೇ 8.25 ಇನ್ನೂ ಖಾತೆಗೆ ಏರಿಲ್ಲ. ಅದು ಮತ್ತು ಏಪ್ರಿಲ್‌ನಿಂದ ಜೂನ್‌ವರೆಗಿನ ಕಂತುಗಳು ಇದಕ್ಕೆ ಸೇರುತ್ತವೆ.

ಜೂನ್ ತಿಂಗಳ ಕಂತನ್ನು ನಾವು ಜುಲೈ 15ರೊಳಗೆ ಕಟ್ಟುತ್ತೇವೆ. ಆಮೇಲೆ ನೀವು ಸೇವೆ ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ನಮೂದಿಸುತ್ತೇವೆ. ಅದಕ್ಕೂ ಮೊದಲು ಅವಸರ ಮಾಡಿ ಅರ್ಜಿ ಹಾಕಬೇಡಿ. ಜುಲೈ 21ರ ನಂತರ ಫಾರ್ಮ್ 19 ಹಾಕಿ. ಇಷ್ಟು ವರ್ಷ ಸೇವೆ ಆಗಿರುವುದರಿಂದ ಹಿಂದೆ ಪಡೆಯುವ ಹಣಕ್ಕೆ ತೆರಿಗೆ ಇಲ್ಲ. ಹಣವನ್ನು ಸುಮ್ನೆ ಅಲ್ಲೇ ಬಿಡಬಹುದಾ ಎಂದು ಕೇಳಿದ್ದಿರಿ. ಬಿಟ್ಟರೆ ಕೆಲಸ ಬಿಟ್ಟ ನಂತರ ಸೇರುವ ಬಡ್ಡಿಗೆ ತೆರಿಗೆ ಬರುತ್ತದೆ. ತೆಗೆದುಕೊಳ್ಳುವುದೇ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಪಿಂಚಣಿಯ ಬಗ್ಗೆ ನಿಜವನ್ನೇ ಹೇಳುತ್ತೇನೆ. ಮೊತ್ತ ದೊಡ್ಡದಲ್ಲ. ನಿಮ್ಮ ಕೊನೆಯ ಸಂಬಳ 33,800 ಇದ್ದರೂ 1995ರ ಪಿಂಚಣಿ ಯೋಜನೆಗೆ ಅದು ಲೆಕ್ಕಕ್ಕಿಲ್ಲ. ಅಲ್ಲಿ ಮಿತಿ ಇದೆ. 2014ರ ಆಗಸ್ಟ್‌ವರೆಗಿನ ಸೇವೆಗೆ ತಿಂಗಳಿಗೆ 6,500, ಅಲ್ಲಿಂದ ಈಚೆಗೆ 15,000. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ನಿಮ್ಮ ಮೊದಲ 18 ವರ್ಷಕ್ಕೆ 1,671 ರೂಪಾಯಿ, ನಂತರದ 11 ವರ್ಷಕ್ಕೆ 2,357. 20 ವರ್ಷ ಸೇವೆ ಮುಗಿಸಿದವರಿಗೆ 2 ವರ್ಷ ಹೆಚ್ಚುವರಿಯಾಗಿ ಸೇರಿಸುತ್ತಾರೆ. ಅದೆಲ್ಲ ಕೂಡಿ ತಿಂಗಳಿಗೆ ಸುಮಾರು 4,300 ರೂಪಾಯಿ ಆಗುತ್ತದೆ. ಇದು ನನ್ನ ಅಂದಾಜು. ಕೊನೆಯ ಲೆಕ್ಕ ಪಿ.ಎಫ್. ಕಚೇರಿಯದು. ಇದಕ್ಕೆ ಡಿ.ಎ. ಇರುವುದಿಲ್ಲ. ಮೊದಲಿನ ಹಾಗೆ ಒಂದು ಭಾಗವನ್ನು ಒಟ್ಟಿಗೆ ಪಡೆಯುವ ಅವಕಾಶ 2008ರಲ್ಲೇ ನಿಂತಿದೆ. ಸುಪ್ರೀಂ ಕೋರ್ಟಿನ 2022ರ ತೀರ್ಪಿನ ನಂತರ ಹೆಚ್ಚಿನ ಪಿಂಚಣಿಗೆ ಜಂಟಿ ಆಯ್ಕೆ ಕೊಡಲು ಅವಕಾಶವಿತ್ತು. ನಿಮ್ಮದು ಕೊಟ್ಟಿರಲಿಲ್ಲ. ಹಾಗಾಗಿ ಬೇರೆ ಕಾರ್ಖಾನೆಯ ಗೆಳೆಯರ ಪಿಂಚಣಿಗೆ ಇದನ್ನು ಹೋಲಿಸಬೇಡಿ.

60 ವರ್ಷದವರೆಗೆ ಪಿಂಚಣಿ ಮುಂದೂಡಿದರೆ ವರ್ಷಕ್ಕೆ ಶೇ 4ರಂತೆ ಹೆಚ್ಚಾಗುತ್ತದೆ ಎಂದು ಯಾರೋ ಹೇಳಿದರಂತೆ. ಅದು ನಿಜ. ಆದರೆ ಎರಡು ವರ್ಷ ಕಾದರೆ ತಿಂಗಳಿಗೆ ಹೆಚ್ಚುವುದು ಸುಮಾರು 344 ರೂಪಾಯಿ, ಈ ಎರಡು ವರ್ಷದಲ್ಲಿ ಬಿಟ್ಟುಕೊಡುವುದು ಒಂದು ಲಕ್ಷಕ್ಕೂ ಮೇಲೆ. ಅದು ವಾಪಸ್ ಬರಲು 25 ವರ್ಷ ಬೇಕು. ನನ್ನ ಸಲಹೆ, ಈಗಲೇ ಶುರು ಮಾಡಿ.

ಪಿಂಚಣಿಗೆ ಹಾಕಬೇಕಾದ ಅರ್ಜಿ ಫಾರ್ಮ್ 10ಡಿ. ಸೈಬರ್ ಸೆಂಟರ್‌ನಲ್ಲಿ ಯಾರಾದರೂ 10ಸಿ ತುಂಬಿಸಲು ಹೋದರೆ ತಡೆಯಿರಿ. ಅದು 10 ವರ್ಷ ಸೇವೆ ಆಗದವರು ಹಣ ವಾಪಸ್ ಪಡೆಯುವ ಅರ್ಜಿ, ನಿಮಗಲ್ಲ. 10ಡಿಗೆ ನೀವು ಮತ್ತು ಲಕ್ಷ್ಮಮ್ಮನವರು ಜೊತೆಗಿರುವ ಫೋಟೋ ಬೇಕು, ಇಬ್ಬರ ಆಧಾರ್ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು. ನಿಮ್ಮ ನಂತರ ಅವರಿಗೆ ನಿಮ್ಮ ಪಿಂಚಣಿಯ ಅರ್ಧ ಬರುತ್ತದೆ. ಅದಕ್ಕೇ ಅವರ ಹೆಸರು, ಹುಟ್ಟಿದ ದಿನಾಂಕ ಒಂದಕ್ಷರವೂ ತಪ್ಪಿಲ್ಲದೆ ದಾಖಲೆಯಲ್ಲಿರಬೇಕು. ನೀವು ಮುಂದೆ ತುರುವೇಕೆರೆಯ ಊರಿನಲ್ಲೇ ಇರುತ್ತೇನೆ ಎಂದಿದ್ದಿರಿ, ಅಲ್ವಾ? ತೊಂದರೆ ಇಲ್ಲ. ಈ ವರ್ಷದ ಜನವರಿಯಿಂದ ಯಾವ ಊರಿನ ಯಾವ ಬ್ಯಾಂಕ್ ಶಾಖೆಯಿಂದಲಾದರೂ ಪಿಂಚಣಿ ಪಡೆಯಬಹುದು. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡುವುದನ್ನು ಮಾತ್ರ ಮರೆಯಬೇಡಿ. ಮರೆತರೆ ಪಿಂಚಣಿ ನಿಂತುಬಿಡುತ್ತದೆ. ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಕೊಡಬಹುದು. ಮೊದಲ ಸಲ ಮೊಮ್ಮಗನ ಸಹಾಯ ತೆಗೆದುಕೊಳ್ಳಿ.

ಇನ್ನೊಂದು ವಿಷಯ ನನ್ನ ಕೆಲಸಕ್ಕೆ ನೇರವಾಗಿ ಸೇರಿದ್ದಲ್ಲ, ಆದರೂ ಹೇಳದೆ ಇರಲಾರೆ. 4,300ರಲ್ಲಿ ಮನೆ ನಡೆಯುವುದಿಲ್ಲ. ಒಟ್ಟಿಗೆ ಬರುವ ಹಣವೇ ನಿಮ್ಮ ನಿಜವಾದ ಆಸರೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 60 ಆದವರಿಗೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. 55 ದಾಟಿ ನಿವೃತ್ತರಾದವರೂ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಅದರಲ್ಲಿ ಹಾಕಬಹುದು. ಈಗಿನ ಬಡ್ಡಿ ಶೇ 8.2, ಅವಧಿ ಐದು ವರ್ಷ. 10 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಕೈಗೆ ಬರುತ್ತದೆ. ಅಲ್ಲಿ ಕೇಳುವ ನಿವೃತ್ತಿ ಪ್ರಮಾಣಪತ್ರವನ್ನು ಜೂನ್ 30ರಂದೇ ಕೊಡುತ್ತೇನೆ. ಚೀಟಿ ವ್ಯವಹಾರ, ಕೈಸಾಲ, ಸೈಟ್ ಮುಂಗಡ ಎಂದು ಈ ಹಣ ಕೇಳಿಕೊಂಡು ಬರುವವರು ಖಂಡಿತ ಇರುತ್ತಾರೆ. ಮೂರು ತಿಂಗಳು ಯಾರಿಗೂ ಹ್ಞೂಂ ಅನ್ನಬೇಡಿ.

ಪಿ.ಎಫ್. ಕಚೇರಿಯ ಹೊರಗೆ ಬೇಗ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಹಣವನ್ನಾಗಲಿ ಓಟಿಪಿಯನ್ನಾಗಲಿ ಕೊಡಬೇಡಿ. ಈ ಯಾವ ಅರ್ಜಿಗೂ ಶುಲ್ಕ ಇಲ್ಲ. ನಿವೃತ್ತಿಯಾದ ಮೇಲೂ ನೀವು ಯಾವುದೇ ಶನಿವಾರ ಬೆಳಿಗ್ಗೆ ನಮ್ಮ ವಿಭಾಗಕ್ಕೆ ಬರಬಹುದು. ಗೇಟಿನಲ್ಲಿ ನಿಮ್ಮ ಹೆಸರು ಬರೆಸಿಟ್ಟಿರುತ್ತೇನೆ. ಪಿಂಚಣಿಯ ಮೊದಲ ಕಂತು ನಿಮ್ಮ ಖಾತೆಗೆ ಬರುವವರೆಗೂ ಈ ಕಡತ ನನ್ನ ಮೇಜಿನ ಮೇಲೇ ಇರುತ್ತದೆ.

ಬುಧವಾರ ಆಧಾರ್ ಮತ್ತು ಮೊಬೈಲ್ ಮರೆಯದೆ ತನ್ನಿ.

ನಮಸ್ಕಾರಗಳೊಂದಿಗೆ,
ಸುಜಾತ
ಸಿಬ್ಬಂದಿ ಅಧಿಕಾರಿ

ಲಗತ್ತು: ಗ್ರಾಚ್ಯುಟಿ ಫಾರ್ಮ್ ‘ಐ’, ರಜೆ ಅರ್ಜಿಯ ನಕಲು, ಪಿ.ಎಫ್. ಪಾಸ್‌ಬುಕ್ ಪ್ರತಿ