ನಿಮ್ಮ ಎದೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಏನಿದೆ

ಮಹಾದೇವಕ್ಕ, ನಮಸ್ಕಾರ.

ಮೊದಲು ಮುಖ್ಯವಾದ ಮಾತು. ನಿಮ್ಮ ರಿಪೋರ್ಟಿನ ಕೊನೆಗೆ ಬೈರಾಡ್ಸ್ 4ಎ ಅಂತ ಇದೆ. ಇದು ನಾಲ್ಕನೇ ಸ್ಟೇಜ್ ಅಲ್ಲ. ಕ್ಯಾನ್ಸರಿನ ಸ್ಟೇಜಿಗೂ ಈ ನಂಬರಿಗೂ ಸಂಬಂಧವೇ ಇಲ್ಲ. ನಿಮ್ಮ ಅಳಿಯ ಫೋನಿನಲ್ಲಿ ಓದಿ ಹೇಳಿದ್ದು ಬೇರೆಯದೇ ವಿಷಯ. ಅವರ ಮೇಲೆ ಸಿಟ್ಟು ಬೇಡ, ನಾಲ್ಕು ಅಂದ ಕೂಡಲೇ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ನಿನ್ನೆ ಓಪಿಡಿಯಲ್ಲಿ ನಾನು ಇಷ್ಟೆಲ್ಲ ಹೇಳಿದ್ದೆ. ಆದರೆ ಮಗಳು ಅಳುತ್ತಿದ್ದಳು, ನೀವು ಅವಳನ್ನು ಸಮಾಧಾನ ಮಾಡುತ್ತಿದ್ದಿರಿ. ಅರ್ಧ ಮಾತು ಕಿವಿಗೆ ಬಿದ್ದಿರಲಿಕ್ಕಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಗುಳೇದಗುಡ್ಡಕ್ಕೆ ಹೋದ ಮೇಲೆ ರಿಪೋರ್ಟ್ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿ.

ಬೈರಾಡ್ಸ್ ಅನ್ನೋದು ಸ್ಕ್ಯಾನಿಂಗ್ ನೋಡುವ ಡಾಕ್ಟರುಗಳು ಒಬ್ಬರಿಗೊಬ್ಬರು ಬರೆದುಕೊಳ್ಳುವ ಗುರುತು. ಅಮೆರಿಕದ ರೇಡಿಯಾಲಜಿ ಡಾಕ್ಟರುಗಳ ಸಂಘದವರು ಮಾಡಿದ್ದು. ಈಗ ಬಾಗಲಕೋಟೆಯಲ್ಲೂ ಅದೇ, ಬೆಂಗಳೂರಲ್ಲೂ ಅದೇ. ಸೊನ್ನೆಯಿಂದ ಆರರವರೆಗೆ ನಂಬರ್ ಇರುತ್ತವೆ. ಚಿತ್ರದಲ್ಲಿ ಕಂಡದ್ದರ ಬಗ್ಗೆ ಎಷ್ಟು ಅನುಮಾನ ಇದೆ, ಮುಂದೆ ಏನು ಮಾಡಬೇಕು ಅಂತ ಆ ನಂಬರ್ ಹೇಳುತ್ತದೆ. ರೋಗ ಇದೆ ಅಂತಲೂ ಹೇಳೋದಿಲ್ಲ, ಎಷ್ಟು ಹರಡಿದೆ ಅಂತಲೂ ಹೇಳೋದಿಲ್ಲ.

ನಿಮ್ಮ ಹತ್ತಿರ ಎರಡು ಕಾಗದ ಇವೆ. ಮೊದಲನೆಯದು ಮ್ಯಾಮೊಗ್ರಾಮ್, ಎದೆಯನ್ನು ಎರಡು ಪ್ಲೇಟಿನ ನಡುವೆ ಒತ್ತಿ ತೆಗೆದ ಎಕ್ಸ್‌ರೇ. ಅದರಲ್ಲಿ ಕೆಟಗರಿ 0 ಅಂತ ಇದೆ. ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ಲ, ಕೆಟ್ಟದ್ದು ಅಂತಲೂ ಅಲ್ಲ. ಈ ಚಿತ್ರ ಒಂದರಿಂದಲೇ ಹೇಳಲಿಕ್ಕೆ ಆಗೋದಿಲ್ಲ, ಇನ್ನೊಂದು ಪರೀಕ್ಷೆ ಮಾಡಿ ಅಂತ ಅರ್ಥ. ಯಾಕೆ ಆಗಲಿಲ್ಲ ಅನ್ನೋದೂ ಅಲ್ಲೇ ಇದೆ, ನೋಡಿ: ಡೆನ್ಸಿಟಿ ಸಿ. ನಿಮ್ಮ ಎದೆಯಲ್ಲಿ ಕೊಬ್ಬು ಕಡಿಮೆ, ಹಾಲಿನ ಗ್ರಂಥಿಯ ಭಾಗ ಜಾಸ್ತಿ. ಎಕ್ಸ್‌ರೇಯಲ್ಲಿ ಆ ಭಾಗ ಬೆಳ್ಳಗೆ ಕಾಣುತ್ತದೆ. ಗಂಟು ಇದ್ದರೆ ಅದೂ ಬೆಳ್ಳಗೇ. ಹಾಗಾಗಿ ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತವೆ. ಇದು ಕಾಯಿಲೆಯಲ್ಲ. ಎಷ್ಟೋ ಹೆಣ್ಣುಮಕ್ಕಳ ಎದೆ ಹೀಗೇ ಇರುತ್ತದೆ.

ಅದಕ್ಕೇ ಅದೇ ದಿನ ಜೆಲ್ ಹಚ್ಚಿ ಎರಡನೇ ಸ್ಕ್ಯಾನಿಂಗ್ ಮಾಡಿದ್ದು. ಅದು ಅಲ್ಟ್ರಾಸೌಂಡ್. ಈಗ ನಾವು ಹಿಡಿಯಬೇಕಾದದ್ದು ಈ ಕಾಗದವನ್ನು. ಸೊನ್ನೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಬಲಗಡೆ ಕೆಟಗರಿ 2. ಅಲ್ಲಿ ಒಂದು ಚಿಕ್ಕ ನೀರಿನ ಗುಳ್ಳೆ ಇದೆ, ರಿಪೋರ್ಟಿನಲ್ಲಿ ಸಿಂಪಲ್ ಸಿಸ್ಟ್ ಅಂತ ಬರೆದಿದ್ದಾರೆ. ಅದು ಕ್ಯಾನ್ಸರ್ ಅಲ್ಲ. ಒಂದೆರಡು ಕಡೆ ಕ್ಯಾಲ್ಸಿಯಂ ಚುಕ್ಕೆಗಳೂ ಇವೆ, ಅವೂ ನಿರುಪದ್ರವಿ ಜಾತಿಯವು. ಎಲೆ-ಅಡಿಕೆಯ ಸುಣ್ಣದಿಂದ ಬಂತಾ ಅಂತ ಕೇಳಿದ್ದಿರಿ. ಇಲ್ಲ. ಕ್ಯಾಲ್ಸಿಯಂ ಗುಳಿಗೆಯಿಂದಲೂ ಬರೋದಿಲ್ಲ. (ಎಲೆ-ಅಡಿಕೆ ಬಿಡಬೇಕು ನಿಜ, ಆದರೆ ಅದು ಬಾಯಿಯ ಸಲುವಾಗಿ.) ಬಲಗಡೆ ಏನೂ ಮಾಡಬೇಕಾಗಿಲ್ಲ.

ಎಡಗಡೆ 4ಎ. ಎಡ ಎದೆಯ ಮೇಲ್ಭಾಗದಲ್ಲಿ, ಕಂಕುಳ ಕಡೆಗೆ, 9 ಮಿಲಿಮೀಟರಿನ ಒಂದು ಗಂಟಿದೆ. ಒಂದು ಕಡಲೆ ಕಾಳಿನಷ್ಟು ಅನ್ನಿ. ‘2 ಗಂಟೆ’ ಅಂತ ಬರೆದದ್ದು ಅದಿರುವ ಜಾಗ. ಎದೆಯನ್ನು ಗಡಿಯಾರದ ಮುಖ ಅಂದುಕೊಂಡು ಜಾಗ ಗುರುತಿಸುತ್ತಾರೆ, ಅಷ್ಟೇ.

ಈ ಗಂಟಿನಲ್ಲಿ ಒಳ್ಳೆಯ ಲಕ್ಷಣಗಳಿವೆ. ಆಕಾರ ಮೊಟ್ಟೆಯ ಹಾಗೆ ಉದ್ದುರುಂಟಾಗಿದೆ. ಚರ್ಮಕ್ಕೆ ಸಮಾನಾಂತರವಾಗಿ ಅಡ್ಡ ಮಲಗಿದೆ, ನೆಟ್ಟಗೆ ನಿಂತಿಲ್ಲ. ಕಂಕುಳಿನ ಗ್ರಂಥಿಗಳು ಸರಿಯಾಗಿವೆ. ಆದರೆ ಅಂಚು ಒಂದು ಕಡೆ ಸ್ಪಷ್ಟವಾಗಿ ಕಾಣುತ್ತಿಲ್ಲ. ಸುತ್ತಲೂ ಗೆರೆ ಎಳೆದ ಹಾಗೆ ಇದ್ದಿದ್ದರೆ 3 ಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸುತ್ತಿದ್ದರು. ಆ ಒಂದು ಅಂಚಿನ ಸಲುವಾಗಿಯೇ 4ಎ ಆಗಿದೆ.

ಇದಕ್ಕೆ ಲೆಕ್ಕವೂ ಇದೆ, ಮಗಳಿಗೆ ಓದಿ ಹೇಳಿ. 4ಎ ಬಂದ 100 ಜನರಿಗೆ ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಸಿಗೋದು 2ರಿಂದ 10 ಜನರಲ್ಲಿ. ಉಳಿದ 90ರಿಂದ 98 ಜನರಿಗೆ ಇರೋದಿಲ್ಲ. ಫೈಬ್ರೊಅಡಿನೋಮದಂಥ ಸಾದಾ ಗಂಟು ಇರಬಹುದು, ಒಳಗೆ ದಪ್ಪಗಾದ ನೀರಿನ ಗುಳ್ಳೆ ಇರಬಹುದು. ನಿಮಗೆ ಏನೂ ಆಗಿಲ್ಲ ಅಂತ ನಾನು ಈಗಲೇ ಹೇಳೋದಿಲ್ಲ. ಗೊತ್ತಿಲ್ಲದೆ ಹೇಳಿದರೆ ಅದು ಬರೀ ಬಾಯಿಮಾತಾಗುತ್ತದೆ. ಆದರೆ ಲೆಕ್ಕ ನಿಮ್ಮ ಕಡೆಗೇ ಇದೆ.

ಬೇರೆ ನಂಬರ್‌ಗಳನ್ನು ಮನೆಯಲ್ಲಿ ಹೇಗೂ ಹುಡುಕುತ್ತೀರಿ, ನಾನೇ ಹೇಳಿಬಿಡುತ್ತೇನೆ. 1 ಅಂದರೆ ಎಲ್ಲ ಸರಿ ಇದೆ. 3 ಅಂದರೆ ಹೆಚ್ಚುಕಡಿಮೆ ಸಾದಾ ಗಂಟೇ, ಕ್ಯಾನ್ಸರಿನ ಸಾಧ್ಯತೆ 100ಕ್ಕೆ 2ಕ್ಕಿಂತ ಜಾಸ್ತಿ ಇಲ್ಲ. ಹೇಳಿದ ತಿಂಗಳಿಗೆ ಬಂದು ತೋರಿಸಿದರೆ ಸಾಕು. 4ಬಿ, 4ಸಿ ಅಂದರೆ ಅನುಮಾನ ಇನ್ನಷ್ಟು ಹೆಚ್ಚು. 5 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ, ಆದರೂ ಪರೀಕ್ಷೆ ಮಾಡಿಯೇ ತೀರ್ಮಾನ. 6 ಬರೆಯೋದು ಮೊದಲೇ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾದವರಿಗೆ. ಇವು ಮೆಟ್ಟಿಲುಗಳಲ್ಲ, ಇವತ್ತು 4 ಇದ್ದದ್ದು ನಾಳೆ 5 ಆಗುತ್ತದೆ ಅಂತ ಎಣಿಸಬೇಡಿ.

ಇನ್ನು ಮುಂದಿನ ಕೆಲಸ. 4ಎಗೆ ಸೂಜಿ ಪರೀಕ್ಷೆ ಮಾಡಬೇಕು, ಬಯಾಪ್ಸಿ ಅಂತಾರೆ. ಸುಮ್ನೆ ಕಾಯೋದು ಇಲ್ಲಿ ಸರಿಯಲ್ಲ. ಆಪರೇಷನ್ ಅಲ್ಲ ಇದು, ಎದೆ ತೆಗೆಯೋದಿಲ್ಲ, ಹೊಲಿಗೆಯೂ ಇರೋದಿಲ್ಲ. ಜಾಗ ಮರಗಟ್ಟಲಿಕ್ಕೆ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗಿನಲ್ಲಿ ನೋಡುತ್ತಲೇ ಸೂಜಿ ಹಾಕಿ ಗಂಟಿನಿಂದ ಕೆಲವು ಎಳೆ ತೆಗೆಯುತ್ತೇವೆ. ಪ್ರತಿ ಸಲ ಟಕ್ ಅಂತ ಸಪ್ಪಳ ಬರುತ್ತದೆ, ಬೆಚ್ಚಿ ಬೀಳಬೇಡಿ. ಅವತ್ತೇ ಮನೆಗೆ ಹೋಗಬಹುದು. ಒಂದೆರಡು ದಿನ ಸ್ವಲ್ಪ ನೋವು, ಚರ್ಮ ನೀಲಿಗಟ್ಟೋದು ಇರುತ್ತದೆ. ಸೂಜಿ ತಾಗಿಸಿದರೆ ಕ್ಯಾನ್ಸರ್ ಹಬ್ಬುತ್ತದೆ ಅಂತ ಓಣಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತು ನಂಬಬೇಡಿ. ಏನಿದೆ ಅಂತ ಗೊತ್ತಿಲ್ಲದೆ ಗಡ್ಡೆ ಕೊಯ್ಯೋದಕ್ಕಿಂತ ಸೂಜಿಯಿಂದ ನೋಡೋದೇ ಮೇಲು.

ಬನಶಂಕರಿ ಜಾತ್ರೆ ಮುಗಿಸಿಕೊಂಡು ಬರಲಾ ಅಂತ ಕೇಳಿದಿರಿ. ಜಾತ್ರೆಗೆ ಧಾರಾಳವಾಗಿ ಹೋಗಿ, ಆದರೆ ಸೂಜಿ ಪರೀಕ್ಷೆ ಮೊದಲು ಆಗಲಿ. ಒಂದು ವಾರ ಹಿಂದುಮುಂದಾದರೆ ಆಕಾಶ ಕಳಚಿ ಬೀಳೋದಿಲ್ಲ. ಆದರೆ ಜಾತ್ರೆ, ಆಮೇಲೆ ಮದುವೆ, ಆಮೇಲೆ ಮಗ್ಗದ ಕೆಲಸ ಅಂತ ತಿಂಗಳುಗಟ್ಟಲೆ ಮುಂದಕ್ಕೆ ಹೋಗೋದನ್ನು ನಾನು ಇಲ್ಲಿ ದಿನಾ ನೋಡುತ್ತೇನೆ.

ಫಲಿತಾಂಶ ಸುಮಾರು ಒಂದು ವಾರಕ್ಕೆ ಬರುತ್ತದೆ. ಸಾದಾ ಗಂಟು ಅಂತ ಬಂದು, ಅದು ಸ್ಕ್ಯಾನಿಂಗಿಗೂ ಹೊಂದಿಕೊಂಡರೆ, ಆಗಾಗ ಬಂದು ತೋರಿಸಿದರೆ ಆಯಿತು. ಒಂದು ವೇಳೆ ಬೇರೆ ಬಂದರೂ, ಇಷ್ಟು ಚಿಕ್ಕದಿದ್ದಾಗಲೇ ಸಿಕ್ಕದ್ದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಎಷ್ಟೋ ಸಲ ಇಡೀ ಎದೆ ತೆಗೆಯುವ ಪ್ರಸಂಗವೇ ಬರೋದಿಲ್ಲ. ಆ ಮಾತು ಆಗ ಕೂತು ಆಡೋಣ, ಈಗಿನಿಂದಲೇ ಅದರ ಚಿಂತೆ ಬೇಡ.

ಗುರುವಾರ ಬೆಳಿಗ್ಗೆ 10 ಗಂಟೆಗೆ ಬನ್ನಿ. ಉಪವಾಸ ಬೇಡ, ರೊಟ್ಟಿ ತಿಂದುಕೊಂಡೇ ಬನ್ನಿ. ಮುಂದೆ ಗುಂಡಿ ಇರುವ ಕುಪ್ಪಸ ಹಾಕಿಕೊಳ್ಳಿ, ಪೌಡರ್ ಹಚ್ಚಬೇಡಿ. ಎರಡೂ ರಿಪೋರ್ಟ್, ದೊಡ್ಡ ಫಿಲ್ಮ್‌ಗಳು, ಹಳೆಯದು ಯಾವುದಾದರೂ ಇದ್ದರೆ ಅದೂ ಚೀಲದಲ್ಲಿರಲಿ. ರಕ್ತ ತೆಳ್ಳಗಾಗುವ ಗುಳಿಗೆ ತಗೊಳ್ತಿದ್ದರೆ ಬರೋ ಮುಂಚೆಯೇ ಫೋನ್ ಮಾಡಿ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮಗಳನ್ನೂ ಕರೆದುಕೊಂಡು ಬನ್ನಿ. ಅವಳು ಕೇಳಬೇಕಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಬರಲಿ.

ನಿಮ್ಮ ಡಾಕ್ಟರ್